ಇಂಗ್ಲಿಷ್ ಅಷ್ಟಾಗಿ ಬಾರದ ವಿದೇಶಿ ಅತಿಥಿಗೆ ಕಾರ್ಡ್ ಡಿಪಾಸಿಟ್ ಬಗ್ಗೆ ಹೇಗೆ ಹೇಳುತ್ತೀರಿ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ನಾನು ಹೋಟೆಲ್ ಒಂದರ ರಿಸೆಪ್ಷನ್‌ನಲ್ಲಿದ್ದೇನೆ. ವಿದೇಶಿ ಅತಿಥಿಗಳು ಜಾಸ್ತಿ ಬರುತ್ತಾರೆ. ಅವರಲ್ಲಿ ತುಂಬಾ ಜನಕ್ಕೆ ಇಂಗ್ಲಿಷ್ ನಾಲ್ಕು ಮಾತಿನಷ್ಟೇ ಬರುತ್ತದೆ. ಪಾಸ್‌ಪೋರ್ಟ್ ಕೇಳುವುದು, ಸಹಿ ಹಾಕಿಸುವುದು, ಲಿಫ್ಟ್ ತೋರಿಸುವುದು ಎಲ್ಲ ಹೇಗೋ ನಡೆಯುತ್ತದೆ. ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ, ಮೇಲುಖರ್ಚು ಬಂದರೆ ಇರಲಿ ಎಂದು ಕಾರ್ಡ್ ಮೇಲೆ ಡಿಪಾಸಿಟ್ ಹಿಡಿಯುವಾಗ.

ನಮಗೆ ಕಲಿಸಿಕೊಟ್ಟಿರುವ ವಾಕ್ಯ ಇದು: "ವಿ ವಿಲ್ ಜಸ್ಟ್ ಬಿ ಪುಟಿಂಗ್ ಎ ಹೋಲ್ಡ್ ಆನ್ ಯುವರ್ ಕಾರ್ಡ್ ಫಾರ್ ಇನ್ಸಿಡೆಂಟಲ್ಸ್, ವಿಚ್ ವಿಲ್ ಬಿ ರಿಲೀಸ್ಡ್ ಅಪಾನ್ ಚೆಕ್‌ಔಟ್." ಅತಿಥಿ ತಲೆ ಆಡಿಸುತ್ತಾರೆ. ಕಾರ್ಡ್ ಕೊಡುತ್ತಾರೆ, ಪಿನ್ ಒತ್ತುತ್ತಾರೆ, ರೂಮಿಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಫೋನ್ ಹಿಡಿದುಕೊಂಡು ಕೆಳಗೆ ಬರುತ್ತಾರೆ. ಬ್ಯಾಂಕಿನಿಂದ ಮೆಸೇಜ್ ಬಂದಿರುತ್ತದೆ. "ಐ ಪೇ! ಇಂಟರ್‌ನೆಟ್ ಪೇ! ವೈ ಅಗೇನ್?"

ಆಮೇಲೆ ಎಷ್ಟು ಹೇಳಿದರೂ ಅವರ ಮುಖದಲ್ಲಿ ಅನುಮಾನ ಹೋಗುವುದಿಲ್ಲ. ನಾವು ಮೋಸ ಮಾಡಿದೆವು ಎಂದೇ ಅವರಿಗೆ ಅನಿಸಿರುತ್ತದೆ. ನೀವೆಲ್ಲ ಇದನ್ನು ಸರಳವಾಗಿ ಏನೆಂದು ಹೇಳುತ್ತೀರಿ? ಬಾಯಲ್ಲಿ ಆಡುವ ವಾಕ್ಯ ಬೇಕು. ನಿಯಮ ಗೊತ್ತಿದೆ.

ಪದಪ್ರೇಮಿ
ಒಳ್ಳೆಯ ಪ್ರಶ್ನೆ! ಅವರ ಭಾಷೆಯಲ್ಲೇ ನಾಲ್ಕು ಮಾತು ಕಲಿಯಿರಿ. ಜಪಾನಿನವರಿಗೆ "ಕೊನ್ನಿಚಿವಾ", ಫ್ರೆಂಚರಿಗೆ "ಬೋಂಜೂರ್", ಸ್ಪೇನಿನವರಿಗೆ "ಬುಯೆನಾಸ್ ತಾರ್ದೆಸ್". ಮುಖ ಅರಳುತ್ತದೆ ನೋಡಿ.

ರಾತ್ರಿಪಾಳಿ
ಧನ್ಯವಾದ ಸರ್. ಆದರೆ ಸ್ವಾಗತ ನನ್ನ ತೊಂದರೆಯಲ್ಲ. ಕಾರ್ಡ್ ಕೈಯಲ್ಲಿ ಹಿಡಿದ ಮೇಲಿನ ಎರಡು ನಿಮಿಷ ತೊಂದರೆ.

ಸುಮಾ ಫ್ರಂಟ್‌ಆಫೀಸ್
ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. "ಹೋಲ್ಡ್" ಅನ್ನೋ ಮಾತೇ ಬೇಡ. "ಹಂಡ್ರೆಡ್ ಡಿಪಾಸಿಟ್, ಚೆಕ್‌ಔಟ್ ರಿಫಂಡ್" ಅಂದರೆ ಮುಗಿಯಿತು. ಡಿಪಾಸಿಟ್, ರಿಫಂಡ್ ಎರಡೂ ಊರೂರು ತಿರುಗುವವರಿಗೆ ಗೊತ್ತಿರುವ ಮಾತು. ನಾನು ಹೀಗೇ ಹೇಳೋದು.

ಬೆಲ್‌ಡೆಸ್ಕ್
ಸುಮಾ ಮೇಡಂ ಹೇಳಿದ್ದೇ ಸರಿ. ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು.

ಲೆಕ್ಕದವನು
ಮೇಡಂ, ಅರ್ಧ ಒಪ್ಪುತ್ತೇನೆ. "ಡಿಪಾಸಿಟ್" ಇರಲಿ, ಒಳ್ಳೆಯ ಆಯ್ಕೆ. "ರಿಫಂಡ್" ಮಾತ್ರ ಬೇಡ. ನಾನು ಹೋಟೆಲ್ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಇದರಿಂದ ಏಳುವ ದೂರುಗಳು ನನ್ನ ಮೇಜಿಗೇ ಬರುವುದು.

ರಿಫಂಡ್ ಎಂದರೆ ಹಣ ನಿಜವಾಗಿ ನಮ್ಮ ಖಾತೆಗೆ ಬಂದು, ನಾವು ವಾಪಸ್ ಕಳಿಸುವುದು. ಕಾರ್ಡ್ ಡಿಪಾಸಿಟ್‌ನಲ್ಲಿ ಹಣ ಎಲ್ಲಿಗೂ ಬಂದಿರುವುದಿಲ್ಲ. ಅತಿಥಿಯ ಬ್ಯಾಂಕು ಅಷ್ಟು ಮೊತ್ತವನ್ನು ಯಾರೂ ಮುಟ್ಟದ ಹಾಗೆ ಎತ್ತಿಡುತ್ತದೆ, ಅಷ್ಟೇ. ನಾವು ಬಿಟ್ಟ ಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿದ್ದ ಆ ಸಾಲು ಸುಮ್ಮನೆ ಅಳಿಸಿ ಹೋಗುತ್ತದೆ. "ಹಣ ಜಮಾ" ಅಂತ ಹೊಸ ಸಾಲು ಬರುವುದಿಲ್ಲ.

ರಿಫಂಡ್ ಎಂದು ಕೇಳಿಸಿಕೊಂಡ ಅತಿಥಿ ಊರಿಗೆ ಹೋಗಿ ಆ ಜಮಾ ಸಾಲನ್ನೇ ಹುಡುಕುತ್ತಾರೆ. ಸಿಗುವುದಿಲ್ಲ. ಎರಡು ವಾರ ಬಿಟ್ಟು ಮೇಲ್ ಬರೆಯುತ್ತಾರೆ, "ನನ್ನ ರಿಫಂಡ್ ಎಲ್ಲಿ?" ಅಂತ. ಹಣ ಅವರ ಖಾತೆಯಲ್ಲೇ ಇರುತ್ತದೆ, ಆದರೂ ನಂಬುವುದಿಲ್ಲ.

ಸುಮಾ ಫ್ರಂಟ್‌ಆಫೀಸ್
ಎಲ್ಲ ಬ್ಯಾಂಕುಗಳಲ್ಲೂ ಹಾಗಿಲ್ಲ ಸರ್. ಡೆಬಿಟ್ ಕಾರ್ಡ್ ಇಟ್ಟುಕೊಂಡವರ ಫೋನ್‌ನಲ್ಲಿ ಹಣ ಕಡಿತ ಅಂತಲೇ ಮೆಸೇಜ್ ಬಂದದ್ದು, ಆಮೇಲೆ ವಾಪಸ್ ಬಂತು ಅಂತ ಇನ್ನೊಂದು ಮೆಸೇಜ್ ಬಂದದ್ದು ನಾನೇ ನೋಡಿದ್ದೇನೆ. ಅವರಿಗೆ ಅದು ರಿಫಂಡೇ ಅಲ್ವಾ?

ಲೆಕ್ಕದವನು
ನಿಜ, ಕೆಲವು ಬ್ಯಾಂಕು ಹಾಗೆ ತೋರಿಸುತ್ತವೆ. ಆದರೆ ಯಾವ ಬ್ಯಾಂಕು ಹೇಗೆ ತೋರಿಸುತ್ತದೆ ಎಂದು ಕೌಂಟರ್‌ನಲ್ಲಿ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪಾಗುವ ಮಾತು ಬೇಡ ಎನ್ನುವುದು ನನ್ನ ವಾದ.

ಹಳೇ ಕೌಂಟರ್
ಫ್ರಂಟ್ ಆಫೀಸ್ ನಡೆಸಿದವನು, ಈಗ ಹೊಸಬರಿಗೆ ತರಬೇತಿ ಕೊಡುತ್ತೇನೆ. ರಾತ್ರಿಪಾಳಿಯವರೇ, ನಿಮ್ಮ ವಾಕ್ಯದಲ್ಲಿ ಕಷ್ಟದ ಪದಗಳಿರುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಒಂದೇ ಉಸಿರಿನಲ್ಲಿ ಮೂರು ಸುದ್ದಿ ಹೇಳುತ್ತಿದ್ದೀರಿ. ಏನು ಮಾಡುತ್ತೇವೆ, ಯಾಕೆ, ಯಾವಾಗ ಬಿಡುತ್ತೇವೆ, ಮತ್ತು ಹೇಳದೇ ಉಳಿದ ನಾಲ್ಕನೆಯದು, ರೂಮ್ ಬಾಡಿಗೆಗೂ ಇದಕ್ಕೂ ಸಂಬಂಧವಿಲ್ಲ ಅಂತ. ಅತಿಥಿಯ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ ಆ ನಾಲ್ಕನೆಯದೇ.

ಒಂದು ಉದಾಹರಣೆ ಹಿಡಿಯೋಣ. ಅತಿಥಿ ಆನ್‌ಲೈನ್‌ನಲ್ಲಿ ರೂಮಿಗೆ 300 ಕಟ್ಟಿದ್ದಾರೆ. ಡಿಪಾಸಿಟ್ 100. ಹೊರಡುವುದು ಶುಕ್ರವಾರ.

ಮೊದಲು ಬುಕಿಂಗ್ ಹಾಳೆ ತೋರಿಸಿ, 300ರ ಮೇಲೆ ಬೆರಳಿಟ್ಟು "ಯುವರ್ ರೂಮ್ ಈಸ್ ಪೇಯ್ಡ್" ಎನ್ನಿ. ಪಕ್ಕದಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ. ಆಮೇಲೆ ಸುಮ್ಮನಿರಿ. ಅವರು "ಯೆಸ್, ಪೇಯ್ಡ್" ಎನ್ನುವವರೆಗೆ ಮುಂದಿನ ಮಾತು ಬೇಡ.

ನಂತರ ಬೇರೆ ಕಾಗದ ತೆಗೆದುಕೊಳ್ಳಿ. ಅದೇ ಹಾಳೆಯಲ್ಲಿ 300ರ ಕೆಳಗೆ 100 ಬರೆದರೆ ಅತಿಥಿ ಕೂಡಿಸಿ 400 ಎಂದುಕೊಳ್ಳುತ್ತಾರೆ. ಬೇರೆ ಕಾಗದದಲ್ಲಿ 100 ಬರೆದು ಹೇಳಿ: "ದಿಸ್ ಈಸ್ ಎ ಡಿಪಾಸಿಟ್. ಯುವರ್ ಬ್ಯಾಂಕ್ ಲಾಕ್ಸ್ ಒನ್ ಹಂಡ್ರೆಡ್. ದ ಹೋಟೆಲ್ ಡಸ್ ನಾಟ್ ಟೇಕ್ ಇಟ್." ಮೂರು ಚಿಕ್ಕ ವಾಕ್ಯ. ಒಂದೊಂದಕ್ಕೂ ನಡುವೆ ಉಸಿರಾಡುವಷ್ಟು ಬಿಡುವು.

ಆಮೇಲೆ: "ಯು ಲೀವ್ ಆನ್ ಫ್ರೈಡೇ. ರೂಮ್ ಓಕೆ, ನೋ ಎಕ್ಸ್‌ಟ್ರಾ ಬಿಲ್. ವಿ ಟೆಲ್ ದ ಬ್ಯಾಂಕ್: ಓಪನ್."

ಕಾರ್ಡ್ ಹಾಕುವ ಮೊದಲೇ ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಅವರ ಫೋನ್ ಕಡೆ ಕೈ ತೋರಿಸಿ, "ಎ ಮೆಸೇಜ್ ವಿಲ್ ಕಮ್. ಒನ್ ಹಂಡ್ರೆಡ್. ಇಟ್ ಈಸ್ ದಿಸ್." ಮತ್ತೆ ಆ ಕಾಗದ ತೋರಿಸಿ. ಮೆಸೇಜ್ ಬರುವ ಮೊದಲೇ ಹೇಳಿದರೆ ಅದು ನಿಮ್ಮ ಮಾತಿಗೆ ಸಾಕ್ಷಿ. ಬಂದ ಮೇಲೆ ಹೇಳಿದರೆ ಅದೇ ಮಾತು ನೆಪದಂತೆ ಕೇಳುತ್ತದೆ.

ರಾತ್ರಿಪಾಳಿ
ಮೆಸೇಜ್ ಬರುವ ಮೊದಲೇ ಹೇಳುವುದು ಹೊಳೆದೇ ಇರಲಿಲ್ಲ ಸರ್. ನಾಳೆಯಿಂದಲೇ ಮಾಡಿ ನೋಡುತ್ತೇನೆ. ಒಂದು ಅನುಮಾನ: "ಲಾಕ್" ಅಂದರೆ ಖಾತೆಯನ್ನೇ ಬಂದ್ ಮಾಡಿದೆವು ಅಂದುಕೊಳ್ಳುವುದಿಲ್ಲವಾ?

ಹಳೇ ಕೌಂಟರ್
ಅದಕ್ಕೇ "ಲಾಕ್ಸ್ ಯುವರ್ ಕಾರ್ಡ್" ಎಂದು ಯಾವತ್ತೂ ಹೇಳಬಾರದು. "ಲಾಕ್ಸ್ ಒನ್ ಹಂಡ್ರೆಡ್" ಎನ್ನಬೇಕು. ಮೊತ್ತದ ಜೊತೆಗೇ ಬರಬೇಕು ಆ ಮಾತು. ಇನ್ನೂ ಗಾಬರಿ ಕಂಡರೆ, "ಯು ಕ್ಯಾನ್ ಯೂಸ್ ಯುವರ್ ಕಾರ್ಡ್" ಎಂದು ಸೇರಿಸಿ.

ಟೀಚರಮ್ಮ
ನಾನು ಇಂಗ್ಲಿಷ್ ಮೇಷ್ಟ್ರು, ಹೋಟೆಲ್ ಸಿಬ್ಬಂದಿಗೂ ಪಾಠ ಮಾಡಿದ್ದೇನೆ. ಹಳೇ ಕೌಂಟರ್ ಅವರ ವಾಕ್ಯಗಳು ಚೆನ್ನಾಗಿವೆ, ಯಾಕೆಂದರೆ ಚಿಕ್ಕದಾಗಿದ್ದರೂ ಹೆಚ್ಚಿನವು ಪೂರ್ತಿ ಇವೆ. ಸುಮಾ ಅವರ "ಹಂಡ್ರೆಡ್ ಡಿಪಾಸಿಟ್, ಚೆಕ್‌ಔಟ್ ರಿಫಂಡ್" ಥರದ ಮುರಿದ ಇಂಗ್ಲಿಷ್ ಬೇಡ ಎನ್ನುತ್ತೇನೆ. ಯಾರು ಏನು ಮಾಡುತ್ತಾರೆ ಎನ್ನುವುದೇ ಅಲ್ಲಿ ಬಿಟ್ಟುಹೋಗುತ್ತದೆ. ಅತಿಥಿ ಕೊಡಬೇಕಾ, ಹೋಟೆಲ್ ಕೊಡುತ್ತದಾ?

ಇನ್ನೊಂದು ಅಪಾಯ ಇದೆ. ಸಮಾಧಾನ ಮಾಡಲು ಹೋಗಿ "ನೋ ಪೇ, ನೋ ಪೇ" ಅನ್ನುವವರನ್ನು ನೋಡಿದ್ದೇನೆ. ಎದುರಿನವರಿಗೆ ಅದು "ನೌ ಪೇ" ಎಂದು ಕೇಳಿಸಬಹುದು. ಎರಡೂ ಹತ್ತಿರದ ಸದ್ದು, ಅರ್ಥ ಮಾತ್ರ ತದ್ವಿರುದ್ಧ. "ಇಟ್ ಈಸ್ ನಾಟ್ ಎ ಪೇಮೆಂಟ್" ಎನ್ನಿ. "ನಾಟ್" ಅನ್ನು ಒತ್ತಿ ಹೇಳಿ, ಕೈ ಅಡ್ಡ ಆಡಿಸಿ. "ಡಸಂಟ್", "ವೋಂಟ್", "ಕಾಂಟ್" ಥರ ಕೂಡಿಸಿ ಹೇಳುವ ಮಾತು ಬೇಡವೇ ಬೇಡ. ಕೊನೆಯ ಸದ್ದು ನುಂಗಿಹೋಗಿ "ಕಾಂಟ್" ಎಂದದ್ದು "ಕ್ಯಾನ್" ಎಂದೇ ಉಳಿಯುತ್ತದೆ.

ಬೆಲ್‌ಡೆಸ್ಕ್
ಟೀಚರ್, ಕೌಂಟರ್ ಮುಂದೆ ಹತ್ತು ಜನ ನಿಂತಿರುವಾಗ ವ್ಯಾಕರಣ ಯಾರು ನೋಡುತ್ತಾರೆ? ಅತಿಥಿಯೇ ಮುರಿದ ಇಂಗ್ಲಿಷ್ ಆಡುತ್ತಾರೆ. ನಾವೂ ಹಾಗೇ ಆಡಿದರೆ ಅವರಿಗೆ ಹತ್ತಿರ ಅನಿಸುತ್ತದೆ.

ಟೀಚರಮ್ಮ
ಹತ್ತಿರ ಅನಿಸಬಹುದು, ಗೇಲಿ ಮಾಡಿದರು ಅಂತಲೂ ಅನಿಸಬಹುದು. ಅದಕ್ಕಿಂತ ಮುಖ್ಯ ವಿಷಯ, ಪುಸ್ತಕದಿಂದ ಇಂಗ್ಲಿಷ್ ಕಲಿತವರು ಕಲಿತಿರುವುದೇ ಸರಿಯಾದ ಚಿಕ್ಕ ವಾಕ್ಯ. "ಪ್ಲೀಸ್ ಸೈನ್ ಹಿಯರ್" ಅವರ ಮೊದಲ ಪಾಠದಲ್ಲೇ ಇರುತ್ತದೆ. "ಸೈನ್ ಯು ಹಿಯರ್" ಎಲ್ಲೂ ಇರುವುದಿಲ್ಲ. ಸಮಯದ ಲೆಕ್ಕದಲ್ಲೂ ವ್ಯತ್ಯಾಸ ಅರ್ಧ ಸೆಕೆಂಡು ಇಲ್ಲ.

ಬೆಲ್‌ಡೆಸ್ಕ್
ನಾನು ಒಪ್ಪಲ್ಲ. ಆದರೆ "ನೋ ಪೇ" ವಿಷಯ ಸರಿ, ಅದನ್ನು ನಮ್ಮ ಹುಡುಗರಿಗೂ ಹೇಳುತ್ತೇನೆ.

ಅಲೆಮಾರಿ
ನಾನು ಹೋಟೆಲ್‌ನವನಲ್ಲ, ಕೌಂಟರ್‌ನ ಆಚೆ ಕಡೆ ನಿಲ್ಲುವವನು. ಇಂಗ್ಲಿಷ್ ನಡೆಯದ ದೇಶಗಳಲ್ಲಿ ಸುತ್ತಿದ್ದೇನೆ. ಅಲ್ಲಿ ರಿಸೆಪ್ಷನಿಸ್ಟ್ ಅವರ ಭಾಷೆಯಲ್ಲಿ ಹೇಳುತ್ತಾ ಹೋಗುತ್ತಾರೆ, ನಾನು "ಯೆಸ್ ಯೆಸ್" ಎನ್ನುತ್ತಾ ಹೋಗುತ್ತೇನೆ. ಅರ್ಥವಾಗಿರುವುದಿಲ್ಲ. ಹಿಂದೆ ಸಾಲು ನಿಂತಿರುತ್ತದೆ, ಪ್ರಯಾಣದ ಸುಸ್ತು, ರೂಮಿನ ಕೀಲಿ ಸಿಕ್ಕರೆ ಸಾಕು ಅನಿಸಿರುತ್ತದೆ. ಮತ್ತೆ ಮತ್ತೆ ಕೇಳಲು ನಾಚಿಕೆ ಬೇರೆ.

ಹಾಗಾಗಿ ನಿಮ್ಮ ಮುಂದೆ ತಲೆ ಆಡಿಸುವವರು "ಕೇಳಿಸಿತು" ಎನ್ನುತ್ತಿದ್ದಾರೆ ಅಷ್ಟೇ. "ತಿಳಿಯಿತು" ಎಂದಲ್ಲ. ದಯವಿಟ್ಟು "ಅಂಡರ್‌ಸ್ಟ್ಯಾಂಡ್?" ಎಂದು ಕೇಳಬೇಡಿ. ಅದಕ್ಕೆ "ನೋ" ಎನ್ನಲು ಬಹಳ ಧೈರ್ಯ ಬೇಕು.

ರಾತ್ರಿಪಾಳಿ
ಮತ್ತೆ ತಿಳಿದಿದೆಯೋ ಇಲ್ಲವೋ ಎಂದು ನಮಗೆ ಗೊತ್ತಾಗುವುದು ಹೇಗೆ?

ಹಳೇ ಕೌಂಟರ್
ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಕೇಳಿ. 100 ಬರೆದ ಕಾಗದ ತೋರಿಸಿ, "ದಿಸ್ ಒನ್ ಹಂಡ್ರೆಡ್. ಪೇಮೆಂಟ್, ಆರ್ ಡಿಪಾಸಿಟ್?" ಅವರು "ಡಿಪಾಸಿಟ್" ಎಂದರೆ ಮುಂದೆ ಹೋಗಿ. "ಯೆಸ್" ಎಂದರೆ ಏನೂ ತಿಳಿದಿಲ್ಲ ಎಂದೇ ಅರ್ಥ, ಏಕೆಂದರೆ ಆ ಪ್ರಶ್ನೆಗೆ "ಯೆಸ್" ಉತ್ತರವೇ ಅಲ್ಲ. ಆಗ ಮೊದಲಿನಿಂದ, ಅದೇ ಪದಗಳಲ್ಲಿ ಹೇಳಿ.

ಅದೇ ಪದಗಳಲ್ಲಿ ಎನ್ನುವುದು ಮುಖ್ಯ. ಅತಿಥಿಗೆ ತಿಳಿಯದಿದ್ದಾಗ ನಾವು ಮಾತು ಬದಲಿಸುತ್ತೇವೆ. ಡಿಪಾಸಿಟ್ ಹೋಗಿ ಗ್ಯಾರಂಟಿ ಆಗುತ್ತದೆ, ಗ್ಯಾರಂಟಿ ಹೋಗಿ ಸೆಕ್ಯೂರಿಟಿ ಅಮೌಂಟ್ ಆಗುತ್ತದೆ. ಅವರಿಗೆ ಮೂರು ಬೇರೆ ಬೇರೆ ಹಣ ಕೇಳುತ್ತಿದ್ದಾರೆ ಅನಿಸುತ್ತದೆ. ಒಮ್ಮೆ ಡಿಪಾಸಿಟ್ ಎಂದರೆ ಕೊನೆಯವರೆಗೂ ಡಿಪಾಸಿಟ್. ದನಿ ಜೋರು ಮಾಡುವುದೂ ಬೇಡ. ನಿಧಾನ ಮಾಡಿ, ಅಷ್ಟು ಸಾಕು.

ಸುಮಾ ಫ್ರಂಟ್‌ಆಫೀಸ್
ಇದಂತೂ ನೂರಕ್ಕೆ ನೂರು ನಿಜ. ನಮ್ಮಲ್ಲಿ ಚೆಕ್‌ಇನ್ ಮಾಡುವವರು "ಡಿಪಾಸಿಟ್" ಎನ್ನುತ್ತಾರೆ, ಒಪ್ಪಿಗೆ ಹಾಳೆಯಲ್ಲಿ "ಪ್ರೀ ಆಥರೈಸೇಷನ್", ಸ್ಲಿಪ್ ಮೇಲೆ ಇನ್ನೇನೋ. ಅತಿಥಿ ಸ್ಲಿಪ್ ನೋಡಿ ಮತ್ತೆ ಶುರು ಮಾಡುತ್ತಾರೆ.

ಲೆಕ್ಕದವನು
ಸ್ಲಿಪ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಮಷೀನ್‌ನಲ್ಲಿ ಹಣ ಎತ್ತಿಡಿಸುವ ಪ್ರೀ ಆಥ್ ಬದಲು ಸೇಲ್ ಒತ್ತಿಬಿಟ್ಟರೆ ಇಲ್ಲಿ ಹೇಳಿದ ಎಲ್ಲ ವಾಕ್ಯಗಳೂ ಸುಳ್ಳಾಗುತ್ತವೆ. ಹಣ ನಿಜವಾಗಿ ಹೋಗುತ್ತದೆ. ಆಮೇಲೆ ರಿಫಂಡೇ ಮಾಡಬೇಕು. ಅತಿಥಿಯ ಕಾರ್ಡ್ ಬೇರೆ ದೇಶದ್ದಾದರೆ, ಹೋಗುವಾಗ ಒಂದು ದಿನದ ವಿನಿಮಯ ದರ, ಬರುವಾಗ ಇನ್ನೊಂದು ದಿನದ್ದು. 100 ಹೋದದ್ದು ಅವರ ಹಣದಲ್ಲಿ ಸ್ವಲ್ಪ ಕಡಿಮೆಯಾಗಿ ಬರಬಹುದು. ಎತ್ತಿಟ್ಟು ಬಿಟ್ಟ ಹಣದಲ್ಲಿ ಸಾಮಾನ್ಯವಾಗಿ ಈ ಗೋಜು ಇಲ್ಲ.

ಸ್ಲಿಪ್ ಕೊಡುವ ಮೊದಲು ಅದರ ಮೇಲೆ ಏನು ಅಚ್ಚಾಗಿದೆ ಎಂದು ಒಮ್ಮೆ ನೋಡಿ. ಸೇಲ್ ಎಂದಿದ್ದರೆ ಅತಿಥಿ ಕೌಂಟರ್‌ನಲ್ಲಿರುವಾಗಲೇ ರದ್ದು ಮಾಡಿ. ಅದೇ ದಿನ ರದ್ದಾದರೆ ಸಾಮಾನ್ಯವಾಗಿ ಸುಲಭ.

ಅಲೆಮಾರಿ
ಓಹ್, ನನಗೆ ಒಮ್ಮೆ ಹಾಗೇ ಕಡಿಮೆ ಬಂದಿತ್ತು. ಕಾರಣ ಈಗ ತಿಳಿಯಿತು.

ಹೊಸ ಚಿಗುರು
ಹಿರಿಯರೇ, ನಾನು ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಗಿದೆ. ನನಗೆ ಡಿಪಾಸಿಟ್‌ಗಿಂತ ಮೊದಲೇ ಕಷ್ಟ. ಬುಕಿಂಗ್ ಸಿಗದಿದ್ದರೆ "ಯು ಡೋಂಟ್ ಹ್ಯಾವ್ ಎ ಬುಕಿಂಗ್?" ಎಂದು ಕೇಳುತ್ತೇನೆ. "ಯೆಸ್" ಎನ್ನುತ್ತಾರೆ. ಬುಕಿಂಗ್ ಇದೆ ಅಂತ ಹುಡುಕುತ್ತಲೇ ಇರುತ್ತೇನೆ. ಕೊನೆಗೆ ನೋಡಿದರೆ ಇರುವುದೇ ಇಲ್ಲ.

ಟೀಚರಮ್ಮ
ಕಂದಾ, ಇಲ್ಲ ಎನ್ನುವ ರೂಪದಲ್ಲಿ ಪ್ರಶ್ನೆ ಕೇಳಬೇಡ. ನಮ್ಮಲ್ಲೇ "ಊಟ ಆಗಿಲ್ವಾ?" ಎಂದರೆ "ಹೌದು, ಆಗಿಲ್ಲ" ಎನ್ನುವುದಿಲ್ಲವೇ? ಜಪಾನಿ, ಕೊರಿಯನ್, ಚೀನೀ ಮಾತಾಡುವವರೂ ಹಾಗೇ ನಿನ್ನ ಮಾತನ್ನು ಒಪ್ಪಿ "ಯೆಸ್" ಎನ್ನುತ್ತಾರೆ. ಇಂಗ್ಲಿಷ್‌ನವರು ಅಲ್ಲಿ "ನೋ" ಎನ್ನುತ್ತಾರೆ. "ಡು ಯು ಹ್ಯಾವ್ ಎ ಬುಕಿಂಗ್?" ಎಂದು ನೇರವಾಗಿ ಕೇಳು. ಗೊಂದಲವೇ ಇರುವುದಿಲ್ಲ.

ಹಳೇ ಕೌಂಟರ್
ಹೊಸ ಚಿಗುರು, ಬುಕಿಂಗ್ ಸಿಗದಿರಲು ಇನ್ನೊಂದು ಕಾರಣ ಹೆಸರಿನ ಕ್ರಮ. "ಯುವರ್ ನೇಮ್?" ಎಂದು ಕೇಳಿದರೆ ಚೀನಾ, ಕೊರಿಯಾ, ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳಬಹುದು. ನೀನು ಅದನ್ನು ಮೊದಲ ಹೆಸರು ಎಂದುಕೊಂಡು ಹುಡುಕುತ್ತೀಯ. ಕೇಳಲೇಬೇಡ. "ಪಾಸ್‌ಪೋರ್ಟ್, ಪ್ಲೀಸ್" ಎನ್ನು. ಫೋಟೋ ಇರುವ ಪುಟದ ಕೆಳಗೆ 44 ಅಕ್ಷರಗಳ ಎರಡು ಸಾಲು ಇರುತ್ತವೆ. ಮೊದಲ ಸಾಲಿನಲ್ಲಿ ದೇಶದ ಮೂರಕ್ಷರದ ಗುರುತಾದ ಮೇಲೆ ಮನೆತನದ ಹೆಸರು, ಆಮೇಲೆ `<<` ಗುರುತು, ಅದರ ನಂತರ ಉಳಿದ ಹೆಸರು. ಆ ಗುರುತಿನ ಹಿಂದಿನದನ್ನು ಹಾಕಿ ಹುಡುಕು. ಸ್ಪ್ಯಾನಿಷ್ ಅತಿಥಿಗಳಿಗೆ ಎರಡು ಮನೆತನದ ಹೆಸರಿರುತ್ತವೆ, ಎರಡನ್ನೂ ಬೇರೆ ಬೇರೆಯಾಗಿ ಹಾಕಿ ನೋಡು.

ಹೊಸ ಚಿಗುರು
ಆ ಸಾಲುಗಳು ಮಷೀನ್‌ಗೆ ಮಾತ್ರ ಎಂದುಕೊಂಡಿದ್ದೆ ಸರ್! ತುಂಬಾ ಉಪಕಾರ.

ಖಡಕ್ ಮಾತು
ಎಲ್ಲ ಸರಿ, ಆದರೆ ಬೇರೆ ದೇಶಕ್ಕೆ ಬರುವವರು ನಾಲ್ಕು ಮಾತು ಇಂಗ್ಲಿಷ್ ಕಲಿತು ಬರಬೇಕಲ್ವಾ? ಎಲ್ಲ ಹೊಣೆ ನಮ್ಮ ಮೇಲೇ ಯಾಕೆ? ಒಪ್ಪಿಗೆ ಹಾಳೆಗೆ ಸಹಿ ಹಾಕಿರುತ್ತಾರೆ. ಅದರಲ್ಲಿ ಬರೆದಿದೆ. ಮುಗಿಯಿತು.

ಅಲೆಮಾರಿ
ಸಹಿ ಹಾಕಿಸಿಕೊಂಡರೆ ನಿಮ್ಮ ಕೈ ಭದ್ರ. ಅತಿಥಿಗೆ ಏನೂ ತಿಳಿಯಲಿಲ್ಲ. ಆ ಹಾಳೆಯನ್ನು ಓದಿ ಸಹಿ ಹಾಕುವವರು ಯಾರಿದ್ದಾರೆ, ಭಾಷೆ ಬಂದರೂ ಓದುವುದಿಲ್ಲ.

ಲೆಕ್ಕದವನು
ಹಣದ ಲೆಕ್ಕದಲ್ಲೂ ಮುಗಿಯುವುದಿಲ್ಲ ಖಡಕ್ ಸಾಹೇಬರೇ. ಅತಿಥಿ ತನ್ನ ಬ್ಯಾಂಕಿಗೆ "ಇದು ನಾನು ಒಪ್ಪಿದ್ದಲ್ಲ" ಎಂದು ದೂರು ಕೊಟ್ಟರೆ, ಕಾಗದಪತ್ರ ಹುಡುಕಿ ಉತ್ತರ ಬರೆಯುವ ಕೆಲಸ ನಮ್ಮದೇ. ಎರಡು ನಿಮಿಷದ ಮಾತಿಗಿಂತ ಅದು ಬಹಳ ದೊಡ್ಡ ಕೆಲಸ.

ಪದಪ್ರೇಮಿ
ನಾನು ಮೊದಲು ಪ್ರಶ್ನೆಯನ್ನು ಬೇರೆ ಥರ ತೆಗೆದುಕೊಂಡೆ. ಹಾಗಿದ್ದರೆ ಸ್ವಾಗತದ ಮಾತು ಬಿಟ್ಟು ಡಿಪಾಸಿಟ್ ಎನ್ನುವ ಪದವನ್ನೇ ಅವರ ಭಾಷೆಯಲ್ಲಿ ಕಲಿಯಬಹುದಲ್ಲ? ಚೀನೀಯಲ್ಲಿ "ಯಾಜಿನ್". ಫ್ರೆಂಚ್‌ನಲ್ಲಿ "ಕೋಸಿಯೋಂ". ಜಪಾನಿಯರು ಇಂಗ್ಲಿಷ್‌ನದ್ದನ್ನೇ "ದೆಪೊಜಿತ್ತೊ" ಎಂದು ಬಳಸುತ್ತಾರೆ.

ಹಳೇ ಕೌಂಟರ್
ಇದು ಉಪಯೋಗಕ್ಕೆ ಬರುವ ಮಾತು. ಆದರೆ ಬಾಯಲ್ಲಿ ಹೇಳುವುದಕ್ಕಿಂತ ಅಚ್ಚು ಹಾಕಿಸಿ ಇಡುವುದು ಮೇಲು. ಚೀನೀಯಲ್ಲಿ ದನಿ ಏರಿಳಿತ ತಪ್ಪಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಫ್ರೆಂಚ್‌ನಲ್ಲಿ ಚೆನ್ನಾಗಿ ಹೇಳಿಬಿಟ್ಟರೆ ಇನ್ನೊಂದು ಕಷ್ಟ, ಇವರಿಗೆ ಫ್ರೆಂಚ್ ಬರುತ್ತದೆ ಎಂದುಕೊಂಡು ಪಟಪಟ ಶುರು ಮಾಡುತ್ತಾರೆ. ಅಂಗೈ ಅಗಲದ ಕಾರ್ಡ್ ಮೇಲೆ ಆಯಾ ಭಾಷೆಯಲ್ಲಿ ನಾಲ್ಕು ಸಾಲು: ರೂಮ್ ಹಣ ಸಂದಾಯವಾಗಿದೆ. ಇದು ಡಿಪಾಸಿಟ್. ಹೋಟೆಲ್ ಈ ಹಣ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಆ ಭಾಷೆ ಮನೆಮಾತಾಗಿರುವವರ ಕೈಯಲ್ಲಿ ಓದಿಸಿ ನೋಡಿ, ಆಮೇಲೆ ಅಚ್ಚಿಗೆ ಕೊಡಿ. ಬಾಡಿಗೆ ಇನ್ನೂ ಕಟ್ಟದೆ ಬರುವವರಿಗೆ ಮೊದಲ ಸಾಲು ಸುಳ್ಳಾಗುತ್ತದೆ, ಅವರಿಗೆ ಬೇರೆ ಕಾರ್ಡ್ ಬೇಕು.

ಬೆಲ್‌ಡೆಸ್ಕ್
ಅಂಕಿ ಹೇಳುವಾಗಲೂ ಹುಷಾರು. "ಫಿಫ್ಟೀನ್", "ಫಿಫ್ಟಿ" ಎರಡೂ ಒಂದೇ ಥರ ಕೇಳಿಸುತ್ತವೆ. ನಾನು "ಒನ್ ಫೈವ್", "ಫೈವ್ ಜೀರೋ" ಅಂತ ಬಿಡಿಸಿ ಹೇಳುತ್ತೇನೆ.

ಟೀಚರಮ್ಮ
ಬೆಲ್‌ಡೆಸ್ಕ್ ಅವರೇ, ಈ ಒಂದು ವಿಷಯದಲ್ಲಿ ನೀವೇ ಮೇಷ್ಟ್ರು. ರೂಮ್ ನಂಬರ್ ಮಾತ್ರ ಬಿಡಿಸಿಯೂ ಹೇಳಬೇಡಿ, ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ. ಬರೆದು ತೋರಿಸಿ, "ದಿಸ್ ಈಸ್ ಯುವರ್ ರೂಮ್" ಎಂದರೆ ಸಾಕು.

ರಾತ್ರಿಪಾಳಿ
ಸುದ್ದಿ ಹೇಳಲು ಬಂದೆ. ಹಳೇ ಕೌಂಟರ್ ಸರ್ ಹೇಳಿದ ಹಾಗೇ ವಯಸ್ಸಾದ ದಂಪತಿಯೊಬ್ಬರಿಗೆ ಮಾಡಿದೆ. ಇಂಗ್ಲಿಷ್ ಬಹಳ ಕಡಿಮೆ ಅವರಿಗೆ. "ಯುವರ್ ರೂಮ್ ಈಸ್ ಪೇಯ್ಡ್" ಎಂದು ಗುರುತು ಹಾಕಿದೊಡನೆ ಆ ತಾಯಿ ನಿರಾಳವಾದದ್ದು ಕಣ್ಣಿಗೇ ಕಂಡಿತು. ಬೇರೆ ಕಾಗದದಲ್ಲಿ 100 ಬರೆದೆ. "ಪೇಮೆಂಟ್, ಆರ್ ಡಿಪಾಸಿಟ್?" ಎಂದು ಕೇಳಿದಾಗ ಮೊದಲು "ಯೆಸ್" ಎಂದರು. ಅದೇ ಮಾತುಗಳಲ್ಲಿ ಇನ್ನೊಮ್ಮೆ ಹೇಳಿದೆ. ಆಗ ಯಜಮಾನರು "ಆ, ಡಿಪಾಸಿಟ್!" ಎಂದು ಹೆಂಡತಿಗೆ ತಮ್ಮ ಭಾಷೆಯಲ್ಲಿ ವಿವರಿಸಿದರು. ಕೌಂಟರ್‌ನಲ್ಲಿರುವಾಗಲೇ ಮೆಸೇಜ್ ಬಂತು. ಅವರೇ ಫೋನನ್ನೂ ಕಾಗದವನ್ನೂ ಪಕ್ಕಪಕ್ಕ ಹಿಡಿದು ನನಗೆ ತೋರಿಸಿದರು.

ಆದರೆ ಒಂದು ಕಡೆ ಮತ್ತೆ ಸಿಕ್ಕಿಬಿದ್ದೆ. "ಫ್ರೈಡೇ, ಬ್ಯಾಂಕ್ ಓಪನ್?" ಎಂದು ಅವರು ಕೇಳಿದರು. ಶುಕ್ರವಾರವೇ ಆ ಹಣ ಅವರಿಗೆ ಕಾಣುತ್ತದಾ? ಏನು ಹೇಳಬೇಕು ತಿಳಿಯದೆ "ಫ್ರೈಡೇ ಆರ್ ಆಫ್ಟರ್" ಎಂದೆ.

ಲೆಕ್ಕದವನು
ನೀವು ಹೇಳಿದ್ದು ಸರಿಯಾಗಿದೆ. ನಿಮಗೆ ಕಲಿಸಿದ "ರಿಲೀಸ್ಡ್ ಅಪಾನ್ ಚೆಕ್‌ಔಟ್" ಎನ್ನುವುದೇ ನಾವು ಉಳಿಸಿಕೊಳ್ಳಲಾಗದ ಮಾತು. ಶುಕ್ರವಾರ ನಾವು ಬಿಡುವ ಸಂದೇಶ ಕಳಿಸುತ್ತೇವೆ. ಖಾತೆಯಲ್ಲಿ ಯಾವಾಗ ಕಾಣುತ್ತದೆ ಎನ್ನುವುದು ಅವರ ಬ್ಯಾಂಕಿನ ಕೈಯಲ್ಲಿದೆ. ಕೆಲವು ಬ್ಯಾಂಕಿನಲ್ಲಿ ಅದೇ ದಿನ, ಕೆಲವದರಲ್ಲಿ ಒಂದು ವಾರ, ಡೆಬಿಟ್ ಕಾರ್ಡ್ ಆದರೆ ಇನ್ನೂ ತಡವಾದದ್ದೂ ಇದೆ. ಇಬ್ಬರ ಕೆಲಸವನ್ನು ಬೇರೆ ಮಾಡಿ ಹೇಳಿ: "ಆನ್ ಫ್ರೈಡೇ, ವಿ ಟೆಲ್ ದ ಬ್ಯಾಂಕ್. ದ ಬ್ಯಾಂಕ್ ನೀಡ್ಸ್ ಸಮ್ ಡೇಸ್." ಕ್ಯಾಲೆಂಡರ್ ಮೇಲೆ ಶುಕ್ರವಾರ ತೋರಿಸಿ, ಅಲ್ಲಿಂದ ಮುಂದಿನ ವಾರದ ಮೇಲೆ ಬೆರಳು ಎಳೆಯಿರಿ.

ಸುಮಾ ಫ್ರಂಟ್‌ಆಫೀಸ್
ಡೆಬಿಟ್ ಕಾರ್ಡ್‌ನವರಿಗೆ ಇದೇ ಪೆಟ್ಟು. ಕ್ರೆಡಿಟ್ ಕಾರ್ಡ್‌ನಲ್ಲಿ ಮಿತಿ ಮಾತ್ರ ಕಡಿಮೆಯಾಗುತ್ತದೆ. ಡೆಬಿಟ್‌ನಲ್ಲಿ ಅವರ ಕೈಖರ್ಚಿನ ಹಣವೇ ಸಿಕ್ಕಿಬೀಳುತ್ತದೆ, ಪ್ರವಾಸ ಇನ್ನೂ ಬಾಕಿ ಇರುತ್ತದೆ. ಹಾಗಾಗಿ ಕಾರ್ಡ್ ಮಷೀನ್‌ಗೆ ಹಾಕುವ ಮೊದಲೇ ನಾನು "ಕ್ರೆಡಿಟ್ ಕಾರ್ಡ್? ಡೆಬಿಟ್ ಕಾರ್ಡ್?" ಎಂದು ಕೇಳುತ್ತೇನೆ. ಡೆಬಿಟ್ ಎಂದರೆ "ಡು ಯು ಹ್ಯಾವ್ ಅನದರ್ ಕಾರ್ಡ್?" ಇಲ್ಲದಿದ್ದರೆ ನಗದು ಡಿಪಾಸಿಟ್. ನಗದಿನಲ್ಲಿ ಮಾತು ಬಹಳ ಸುಲಭ: "ಯು ಗಿವ್ ಒನ್ ಹಂಡ್ರೆಡ್ ಟುಡೇ. ವಿ ಗಿವ್ ಒನ್ ಹಂಡ್ರೆಡ್ ಬ್ಯಾಕ್ ಆನ್ ಫ್ರೈಡೇ. ಪ್ಲೀಸ್ ಕೀಪ್ ದಿಸ್ ಪೇಪರ್." ರಸೀದಿ ಕೈಗೆ ಕೊಡಿ.

ಖಡಕ್ ಮಾತು
ನಗದು ಬೇಡ. ಬೆಳಗಿನ ಜಾವ ಹೊರಡುವವರಿಗೆ ವಾಪಸ್ ಕೊಡಲು ಡ್ರಾಯರ್‌ನಲ್ಲಿ ಹಣ ಇರುವುದಿಲ್ಲ. ಕೆಲವು ಹೋಟೆಲ್‌ಗಳಲ್ಲಿ ನಗದು ಡಿಪಾಸಿಟ್ ತೆಗೆದುಕೊಳ್ಳುವುದೇ ಇಲ್ಲ.

ಸುಮಾ ಫ್ರಂಟ್‌ಆಫೀಸ್
ಚೆಕ್‌ಇನ್‌ನಲ್ಲೇ "ವಾಟ್ ಟೈಮ್ ಡು ಯು ಲೀವ್?" ಎಂದು ಕೇಳಿದರೆ ಹಣ ಲಕೋಟೆಯಲ್ಲಿ ಹಾಕಿ, ಹೆಸರು ಬರೆದು ಇಡಬಹುದು. ಅದಕ್ಕೆ ಯಾಕೆ ಕಷ್ಟ?

ಖಡಕ್ ಮಾತು
ಪಾಳಿ ಬದಲಾದಾಗ ಆ ಲಕೋಟೆಗೆ ಯಾರು ಜವಾಬ್ದಾರಿ ಎಂದು ಮೊದಲು ಹೇಳಿ ಮೇಡಂ.

ರಾತ್ರಿಪಾಳಿ
ನಮ್ಮಲ್ಲಿ ನಗದು ಡಿಪಾಸಿಟ್‌ಗೆ ಮ್ಯಾನೇಜರ್ ಒಪ್ಪಿಗೆ ಬೇಕು, ಕೇಳಿ ನೋಡುತ್ತೇನೆ. ಅಲ್ಲಿಯವರೆಗೆ ಡೆಬಿಟ್ ಕಾರ್ಡ್‌ನವರಿಗೆ "ದ ಬ್ಯಾಂಕ್ ನೀಡ್ಸ್ ಸಮ್ ಡೇಸ್" ಎಂದು ಕಾರ್ಡ್ ಮುಟ್ಟುವ ಮೊದಲೇ ಹೇಳುತ್ತೇನೆ. ಹಳೇ ಕೌಂಟರ್ ಸರ್, ಆ ನಾಲ್ಕು ಸಾಲಿನ ಕಾರ್ಡ್‌ಗೆ ಇದನ್ನು ಐದನೆಯದಾಗಿ ಸೇರಿಸಲಾ?

ಹಳೇ ಕೌಂಟರ್
ಸೇರಿಸಿ. ಆದರೆ ಎಷ್ಟು ದಿನ ಎಂದು ಅಂಕಿ ಅಚ್ಚು ಹಾಕಿಸಬೇಡಿ. ಅತಿಥಿ ಅದನ್ನೇ ಹಿಡಿದುಕೊಂಡು ಎಂಟನೇ ದಿನ ಫೋನ್ ಮಾಡುತ್ತಾರೆ.